ಮುಹೂರ್ತ 8.15ಕ್ಕೆ, ಮೊದಲ ಕುರ್ಚಿ ಅಮ್ಮನಿಗೆ

ನಮ್ಮ ಕಡೆ ಮದುವೆ ಆಲ್ಬಂ ಕೈಗೆ ಸಿಕ್ಕಿದರೆ ನಾನು ಮೊದಲು ನೋಡುವುದು ಮದುವೆ ಹೆಣ್ಣನ್ನಲ್ಲ, ಹೆಣ್ಣಿನ ತಾಯಿಯನ್ನು. ಹೆಣ್ಣು ಚೆನ್ನಾಗಿಯೇ ಕಾಣುತ್ತಾಳೆ, ಅವಳಿಗಾಗಿ ಎಲ್ಲರೂ ನಿಂತಿರುತ್ತಾರೆ. ತಾಯಿ ಹೇಗೆ ಕಾಣುತ್ತಾಳೆ ಅನ್ನುವುದರ ಮೇಲೆ ಆ ಬೆಳಿಗ್ಗೆ ಒಳಕೋಣೆಯಲ್ಲಿ ಏನು ನಡೆದಿತ್ತು ಅಂತ ಹೇಳಿಬಿಡಬಹುದು. ತಲೆ ಕೆದರಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ರಾತ್ರಿ ಹಾಕಿದ ಜಡೆಯಲ್ಲೇ ಧಾರೆಗೆ ನಿಂತಿದ್ದರೆ, ಅಲಂಕಾರದ ಕೋಣೆಯಲ್ಲಿ ಹೊತ್ತು ಸಾಲಲಿಲ್ಲ ಅಂತ ಅರ್ಥ. ಹೊತ್ತು ಸಾಲದಾಗ ಎಲ್ಲರಿಗಿಂತ ಮೊದಲು ‘ನಂದು ಬಿಡಿ, ಪರವಾಗಿಲ್ಲ’ ಅಂತ ಎದ್ದು ಹೋಗುವವಳು ತಾಯಿಯೇ.

ನನ್ನ ಅಕ್ಕ ಹೊಸಕೋಟೆಯಲ್ಲಿ ಪಾರ್ಲರ್ ನಡೆಸುತ್ತಾಳೆ. ಮದುವೆ ಸೀಸನ್ನಿನಲ್ಲಿ ನಾನು ಅವಳ ಜೊತೆ ಹೋಗುತ್ತೇನೆ. ನನಗೆ ಬ್ರಷ್ ಹಿಡಿಯಲು ಬರುವುದಿಲ್ಲ. ನನ್ನ ಕೈಯಲ್ಲಿರುವುದು ಒಂದು ಹಾಳೆ, ಒಂದು ಪೆನ್ನು, ಮೊಬೈಲಿನ ಗಡಿಯಾರ. ಯಾರು ಯಾವಾಗ ಯಾವ ಕುರ್ಚಿಗೆ ಅನ್ನುವುದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪತ್ರಿಕೋದ್ಯಮ ಓದಿದವಳು ಇದನ್ನು ಮಾಡಬೇಕಾ ಅಂತ ಮನೆಯಲ್ಲಿ ನಕ್ಕರು. ಆದರೆ ಡೆಡ್‌ಲೈನ್ ಅಂದರೆ ಏನು ಅಂತ ನಾನು ಕಲಿತದ್ದು ಈ ಕೋಣೆಗಳಲ್ಲೇ.

ಅನುಗೊಂಡನಹಳ್ಳಿಯ ಒಂದು ಮದುವೆಯ ಬೆಳಿಗ್ಗೆಯ ಲೆಕ್ಕವನ್ನು ಇಲ್ಲಿ ಪೂರ್ತಿ ಬಿಡಿಸಿ ಇಡುತ್ತೇನೆ. ಮನೆಯವರ ಹೆಸರು ಬೇಡ. ಮೇ ತಿಂಗಳ ಭಾನುವಾರ, ಹಿಂದಿನ ಸಂಜೆ ರಿಸೆಪ್ಷನ್ ಮುಗಿದಿತ್ತು. ಲಗ್ನಪತ್ರಿಕೆಯಲ್ಲಿ ಬೆಳಿಗ್ಗೆ 8.15ರಿಂದ 8.50, ಮಿಥುನ ಲಗ್ನ ಅಂತ ಇತ್ತು. ಅಲಂಕಾರ ಆಗಬೇಕಿದ್ದದ್ದು ಹೆಣ್ಣಿಗೆ, ಹನ್ನೆರಡು ಜನ ದೊಡ್ಡವರಿಗೆ, ಇಬ್ಬರು ಪುಟ್ಟ ಹುಡುಗಿಯರಿಗೆ. ತಾಯಿ, ತಂಗಿ, ಇಬ್ಬರು ಅತ್ತಿಗೆಯರು, ಚಿಕ್ಕಮ್ಮ, ದೊಡ್ಡಮ್ಮ, ಸೋದರತ್ತೆ, ಕಳಸ ಹಿಡಿಯುವ ಕಳಸಗಿತ್ತಿ, ಇನ್ನು ಉಳಿದವರು ಹೆಣ್ಣಿನ ಗೆಳತಿಯರು, ಚಿಕ್ಕಮ್ಮ-ದೊಡ್ಡಮ್ಮನ ಮಕ್ಕಳು.

ಹಿಂದಿನಿಂದ ಮುಂದಕ್ಕೆ ಎಣಿಸುವುದು

ಹೆಚ್ಚಿನವರು ‘ಎಷ್ಟು ಗಂಟೆಗೆ ಶುರು ಮಾಡೋಣ?’ ಅಂತ ಕೇಳುತ್ತಾರೆ. ಅಲ್ಲೇ ಲೆಕ್ಕ ತಪ್ಪುತ್ತದೆ. ಮೊದಲು ಕೇಳಬೇಕಾದದ್ದು ‘ಎಷ್ಟು ಗಂಟೆಗೆ ಮುಗಿಯಬೇಕು?’ ಅಂತ. ಒಂದು ಲಗ್ನ ಹೆಚ್ಚುಕಡಿಮೆ ಎರಡು ಗಂಟೆ ಇರುತ್ತದೆ. ಅದರೊಳಗೆ ಪುರೋಹಿತರು ಒಂದು ತುಂಡನ್ನು ಆರಿಸಿ ಕೊಟ್ಟಿರುತ್ತಾರೆ. ಊಟ ಅರ್ಧ ಗಂಟೆ ತಡವಾದರೆ ಜನ ಬೈದುಕೊಂಡು ಕಾಯುತ್ತಾರೆ, ಮುಹೂರ್ತ ಕಾಯುವುದಿಲ್ಲ.

ಮುಹೂರ್ತ ಗೊತ್ತಾದರೂ ಸಾಲದು, ಅದಕ್ಕೆ ಮುಂಚೆ ಹೆಣ್ಣು ಎಲ್ಲೆಲ್ಲಿ ಕೂರಬೇಕು ಅಂತ ಪುರೋಹಿತರನ್ನೇ ಕೇಳಬೇಕು. ಮನೆಯವರನ್ನು ಕೇಳಿದರೆ ‘ಅದೇನು, ಎಂಟು ಗಂಟೆಗೆ ಮಂಟಪಕ್ಕೆ ಬಂದರೆ ಸಾಕು’ ಅನ್ನುತ್ತಾರೆ. ಅಕ್ಕ ಹಿಂದಿನ ವಾರವೇ ಪುರೋಹಿತರಿಗೆ ಫೋನ್ ಮಾಡಿ ಕೇಳಿದ್ದಳು. ಅವರು ಹೇಳಿದ್ದು ಇಷ್ಟು: ಬೆಳಿಗ್ಗೆ 6ಕ್ಕೆ ತಾಯಿ-ತಂದೆ ಪೂಜೆಗೆ ಕೂರಬೇಕು. 6.40ಕ್ಕೆ ಹೆಣ್ಣು ಗೌರಿಪೂಜೆಗೆ ಕೂರಬೇಕು. 7.45ಕ್ಕೆ ಮಂಟಪಕ್ಕೆ ಬರಬೇಕು. ಗೌರಿಪೂಜೆ ಆದಮೇಲೆ ಗಂಡಿನ ಕಡೆಯವರು ಕೊಡುವ ಧಾರೆ ಸೀರೆ ಉಟ್ಟು ಬರಬೇಕು.

ಈ ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ. ಅಂದರೆ ಹೆಣ್ಣಿಗೆ ಒಂದು ಸಲ ಅಲ್ಲ, ಎರಡು ಸಲ ಸೀರೆ ಉಡಿಸಬೇಕು. ದೂರದಿಂದ ಬರುವ ತಂಡಗಳಿಗೆ ಇದು ಗೊತ್ತಿರುವುದಿಲ್ಲ. ಆರೂವರೆಗೆ ಹೆಣ್ಣು ರೆಡಿ ಅಂತ ಪೆಟ್ಟಿಗೆ ಮುಚ್ಚುತ್ತಾರೆ. ಏಳು ಗಂಟೆಗೆ ಸೀರೆ ಬದಲಿಸಬೇಕು ಅಂದಾಗ ಜಡೆ, ಡಾಬು, ಸರ ಎಲ್ಲ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿರುತ್ತವೆ.

ಹೀಗೆ ಮುಹೂರ್ತದಿಂದ ಹಿಂದಕ್ಕೆ ಎಣಿಸುತ್ತ ಬಂದಾಗ ಹೆಣ್ಣಿನ ಹಾಳೆ ಹೀಗಾಯಿತು:

3.30 – ಮಂಗಳಸ್ನಾನ
4.00 – ತಲೆ ಒಣಗಿಸಿ, ಬಾಚಿ, ಬುಡದ ಹೆರಳು
4.25 – ಮೇಕಪ್
5.35 – ಗೌರಿಪೂಜೆಯ ಸೀರೆ
5.55 – ಮೊಗ್ಗಿನ ಜಡೆ, ಒಡವೆ
6.20 – ಫೋಟೊ
6.40 – ಗೌರಿಪೂಜೆ
7.10 – ಧಾರೆ ಸೀರೆ
7.45 – ಮಂಟಪ

ಇದರಲ್ಲಿ 6.20ರ ಫೋಟೊ ಅನ್ನುವುದು ಅಕ್ಕನ ಜಾಣತನ. ಅದು ನಿಜವಾಗಿ ನಮ್ಮ ಉಳಿಕೆ ಸಮಯ. ಹಾಳೆಯಲ್ಲಿ ‘ಬಿಡುವು, 20 ನಿಮಿಷ’ ಅಂತ ಬರೆದರೆ ಯಾರಾದರೂ ಬಂದು ಅದರಲ್ಲಿ ಕೂತುಬಿಡುತ್ತಾರೆ. ಫೋಟೊ ಅಂತ ಬರೆದರೆ ಯಾರೂ ಮುಟ್ಟುವುದಿಲ್ಲ. ನಾವು ಸಮಯಕ್ಕೆ ಮುಗಿಸಿದರೆ ಫೋಟೊಗ್ರಾಫರಿಗೆ 20 ನಿಮಿಷ ಸಿಗುತ್ತದೆ. ತಡವಾದರೆ ಎಂಟು ನಿಮಿಷ ಸಿಗುತ್ತದೆ. ಪೂಜೆ ಮಾತ್ರ ತಡವಾಗುವುದಿಲ್ಲ.

ಗೌರಿಪೂಜೆಗೆ ಮುಂಚೆ ಹೆಣ್ಣಿಗೆ ಎರಡು ಗಂಟೆ ಇಪ್ಪತ್ತು ನಿಮಿಷ ಹಿಡಿದಿದ್ದೇವೆ. ಅದರಲ್ಲಿ ತಲೆ ಒಣಗಿಸುವುದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಣ್ಣೆ ಅರಿಶಿನ ಆಗಿ ತಲೆಗೆ ನೀರು ಹಾಕಿಕೊಂಡು ಬಂದವಳ ಕೂದಲು ಒದ್ದೆಯಾಗಿಯೇ ಇರುತ್ತದೆ. ಉದ್ದ ಕೂದಲಿಗೆ ಡ್ರೈಯರ್ ಹಿಡಿದರೂ ಹದಿನೈದು ಇಪ್ಪತ್ತು ನಿಮಿಷ ಬೇಕು. ಒದ್ದೆ ಕೂದಲಿನ ಮೇಲೆ ಜಡೆ ಕಟ್ಟಿದರೆ ಒಂದು ಗಂಟೆಯಲ್ಲಿ ಸಡಿಲವಾಗಿ ಜಾರುತ್ತದೆ. ಮುಖದ ಅರಿಶಿನವೂ ಹಾಗೆಯೇ. ಕಿವಿಯ ಪಕ್ಕ, ಕೂದಲಂಚು, ಕತ್ತಿನಲ್ಲಿ ಹಳದಿ ಉಳಿದಿದ್ದರೆ ಮೇಲೆ ಹಾಕುವ ಫೌಂಡೇಶನ್ನಿನ ಬಣ್ಣವೇ ಬೇರೆಯಾಗುತ್ತದೆ. ಹತ್ತಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ಆಮೇಲೆ ಜಿಡ್ಡು ಹೋಗುವ ಹಾಗೆ ಮುಖ ತೊಳೆಯಬೇಕು. ಇದಕ್ಕೂ ಹೊತ್ತು ಹಿಡಿಯಲೇಬೇಕು.

ಹದಿಮೂರು ಗಂಟೆಯ ಕೆಲಸ, ಮೂರೂವರೆ ಗಂಟೆಯ ಹೊತ್ತು

ಮದುವೆಗೆ ಎಷ್ಟು ಜನ ಆರ್ಟಿಸ್ಟ್ ಬೇಕು ಅಂತ ಹೇಗೆ ತೀರ್ಮಾನ ಮಾಡುವುದು? ಅಕ್ಕ ನಿಮಿಷ ಲೆಕ್ಕ ಹಾಕುತ್ತಾಳೆ. ಬಳಗದವರಲ್ಲಿ ಒಬ್ಬರಿಗೆ ಮೇಕಪ್ 30 ನಿಮಿಷ, ತಲೆ 20 ನಿಮಿಷ, ಸೀರೆ 10 ನಿಮಿಷ. ಹನ್ನೆರಡು ಜನರಲ್ಲಿ ಎಂಟು ಜನರಿಗೆ ಮೂರೂ ಬೇಕಿತ್ತು. ನಾಲ್ಕು ಜನ ಹಿರಿಯರಿಗೆ ತಲೆ ಮತ್ತು ಸೀರೆ ಮಾತ್ರ ಸಾಕಿತ್ತು.

ಮೇಕಪ್ ಎಂಟು ಜನರಿಗೆ 240 ನಿಮಿಷ. ತಲೆ ಹನ್ನೆರಡು ಜನರಿಗೆ 240 ನಿಮಿಷ. ಸೀರೆ 120 ನಿಮಿಷ. ಪುಟ್ಟ ಹುಡುಗಿಯರಿಗೆ 20 ನಿಮಿಷ. ಹೆಣ್ಣಿಗೆ 140, ಧಾರೆ ಸೀರೆಗೆ ಮತ್ತೆ 20. ಎಲ್ಲ ಕೂಡಿಸಿದರೆ 780 ನಿಮಿಷ, ಅಂದರೆ ಹದಿಮೂರು ಗಂಟೆ. ನಮ್ಮ ಕೈಯಲ್ಲಿದ್ದದ್ದು ಬೆಳಗಿನ 3.30ರಿಂದ 7 ಗಂಟೆಯವರೆಗೆ ಮೂರೂವರೆ ಗಂಟೆ, ಆಮೇಲೆ ಧಾರೆ ಸೀರೆ.

ಹದಿಮೂರನ್ನು ಮೂರೂವರೆಯಿಂದ ಭಾಗಿಸಿದರೆ ನಾಲ್ಕಕ್ಕೆ ಸ್ವಲ್ಪ ಕಡಿಮೆ ಬರುತ್ತದೆ. ಹಾಗಾದರೆ ನಾಲ್ಕು ಜನ ಸಾಕಲ್ಲ ಅನ್ನಿಸುತ್ತದೆ. ಸಾಲುವುದಿಲ್ಲ. ಯಾಕೆಂದರೆ ಇದು ಗದ್ದೆ ನಾಟಿಯ ಹಾಗೆ ಎಲ್ಲರೂ ಒಟ್ಟಿಗೆ ಬಗ್ಗಿ ಮಾಡುವ ಕೆಲಸ ಅಲ್ಲ. ಮೇಕಪ್ ಆಗದೆ ತಲೆ ಇಲ್ಲ, ತಲೆ ಆಗದೆ ಸೀರೆ ಇಲ್ಲ. ಸೀರೆ ಉಡಿಸುವವರಿಗೆ ಮೊದಲ ಒಂದು ಗಂಟೆ ಕೆಲಸವೇ ಇರುವುದಿಲ್ಲ, ಕೊನೆಯ ಒಂದು ಗಂಟೆಯಲ್ಲಿ ಎಲ್ಲರೂ ಅವರ ಮುಂದೆ ಸಾಲು ನಿಲ್ಲುತ್ತಾರೆ. ಅದಕ್ಕೇ ಅಕ್ಕ ಐದು ಜನರನ್ನು ಗೊತ್ತು ಮಾಡಿದಳು. ಹೆಣ್ಣಿಗೆ ಅಕ್ಕನೇ. ಬಳಗಕ್ಕೆ ಇನ್ನೊಬ್ಬ ಮೇಕಪ್‌ನವಳು. ತಲೆಗೆ ಇಬ್ಬರು. ಸೀರೆಗೆ ಒಬ್ಬರು, ಮಾಲೂರಿನ ಕಡೆಯ ಹಿರಿಯಮ್ಮ.

ಆ ಹಿರಿಯಮ್ಮ ಇಲ್ಲದೆ ಈ ಲೆಕ್ಕ ನಿಲ್ಲುತ್ತಿರಲಿಲ್ಲ. ಹೊಸ ರೇಷ್ಮೆ ಸೀರೆಯನ್ನು ಆಗಲೇ ಬಿಚ್ಚಿ ನೆರಿಗೆ ಹಿಡಿದು ಉಡಿಸಿದರೆ ಒಬ್ಬರಿಗೆ 20-25 ನಿಮಿಷ ಆಗುತ್ತದೆ. ನಮ್ಮ ಹಾಳೆಯಲ್ಲಿ ಇದ್ದದ್ದು 10 ನಿಮಿಷ. ಅದು ಹೇಗೆ ಸಾಧ್ಯ ಅಂದರೆ, ಹಿಂದಿನ ಮಧ್ಯಾಹ್ನವೇ ಅವರು ಹನ್ನೆರಡು ಸೀರೆಗಳಿಗೂ ಸೆರಗಿನ ಮಡಿಕೆ, ಸೊಂಟದ ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ಪಿನ್ ಹಾಕಿ, ಒಂದೊಂದನ್ನೂ ಹೆಸರು ಬರೆದ ಕವರಿಗೆ ಹಾಕಿಟ್ಟಿದ್ದರು. ಜೊತೆಗೇ ರವಿಕೆ, ಒಳಲಂಗ ಇಟ್ಟು ನೋಡಿದರು. ಆಗಲೇ ಗೊತ್ತಾಯಿತು, ಒಂದು ಸೀರೆಗೆ ಫಾಲ್ ಹಾಕಿಸಿಲ್ಲ, ಚಿಕ್ಕಮ್ಮನ ರವಿಕೆಗೆ ಕೊಕ್ಕೆ ಕಿತ್ತಿದೆ. ಇದು ಬೆಳಿಗ್ಗೆ ಆರಕ್ಕೆ ಗೊತ್ತಾಗಿದ್ದರೆ ಅರ್ಧ ಗಂಟೆ ಹೋಗುತ್ತಿತ್ತು. ಹಿಂದಿನ ದಿನ ಗೊತ್ತಾದ್ದರಿಂದ ಸೂಜಿ ದಾರದಲ್ಲಿ ಮುಗಿಯಿತು.

ಯಾರು ಮೊದಲು?

ಮೊದಲು ಕೂರಿಸಬೇಕಾದದ್ದು ವಯಸ್ಸಿನಲ್ಲಿ ದೊಡ್ಡವರನ್ನಲ್ಲ, ಮೊದಲು ಬಂದವರನ್ನೂ ಅಲ್ಲ, ಮೊದಲು ಕರೆ ಬರುವವರನ್ನು. ಈ ಒಂದು ನಿಯಮವನ್ನು ಮನೆಯವರಿಗೆ ಒಪ್ಪಿಸಿದರೆ ಅರ್ಧ ಗೆದ್ದ ಹಾಗೆ.

ಎಲ್ಲರಿಗಿಂತ ಮೊದಲು ಕರೆ ಬರುವುದು ತಾಯಿಗೆ. ಪುರೋಹಿತರು 6ಕ್ಕೆ ಅಂದಿದ್ದರೂ, ಐದು ಗಂಟೆಯಿಂದಲೇ ಅವಳು ತನ್ನ ಕೈಯಲ್ಲಿ ಇರುವುದಿಲ್ಲ. ಸ್ಟೋರ್ ರೂಮಿನ ಕೀ ಅವಳ ಸೊಂಟದಲ್ಲಿರುತ್ತದೆ. ಅಡುಗೆಯವರು ತುಪ್ಪ ಕೇಳುತ್ತಾರೆ, ಓಲಗದವರು ಎಲೆ ಅಡಿಕೆ ಕೇಳುತ್ತಾರೆ, ಬೀಗರ ಕೋಣೆಗೆ ಕಾಫಿ ಹೋಯಿತಾ ಅಂತ ಯಾರೋ ಕೇಳುತ್ತಾರೆ. ಅವಳಿಗೆ ಬಿಡುವು ಇರುವ ಒಂದೇ ಹೊತ್ತು ಮಗಳು ಸ್ನಾನಕ್ಕೆ ಹೋಗುವ ಹೊತ್ತು. ಆ ಅರ್ಧ ಗಂಟೆ ಅಕ್ಕನ ಕೈಯೂ ಖಾಲಿ. ಅದಕ್ಕೇ 3.30ಕ್ಕೆ ಅಕ್ಕನ ಕುರ್ಚಿಯಲ್ಲಿ ತಾಯಿ.

ಹಿಂದಿನ ರಾತ್ರಿ ಇದನ್ನು ಹೇಳಿದಾಗ ಆಯಮ್ಮ ಒಪ್ಪಲಿಲ್ಲ.

‘ನಂದೇನಮ್ಮ, ಕೊನೇಲಿ ಒಂದು ಐದು ನಿಮಿಷ ಮುಖ ತೊಳ್ಕಂಡು ಬಂದ್ರೆ ಆಯ್ತು. ಮಗೂನ ಮೊದ್ಲು ನೋಡ್ರಿ.’

‘ಮಗೂಗೆ ತಲೆ ಒಣಗೋದು ನಾಲ್ಕೂಕಾಲಿಗಮ್ಮ. ಅಲ್ಲೀವರ್ಗೂ ನಾನು ಸುಮ್ನೆ ಕೂತಿರ್ಬೇಕು. ನೀವು ಬಂದ್ರೆ ನಂಗೂ ಕೈ ಬಿಸಿ ಆಗ್ತದೆ’ ಅಂದಳು ಅಕ್ಕ.

ಆಗ ಪಕ್ಕದಲ್ಲಿದ್ದ ಸೋದರತ್ತೆ ಒಂದು ಮಾತು ಹೇಳಿದರು. ಅವರ ಮಗಳ ಮದುವೆಗೆ ಎಲ್ಲಿಂದಲೋ ಇಬ್ಬರು ಮೇಕಪ್‌ನವರು ಬಂದಿದ್ದರಂತೆ, ಹನ್ನೊಂದು ಜನಕ್ಕೆ ಇಬ್ಬರು. ಮುಹೂರ್ತ ಮುಗಿಯಲು ಹತ್ತು ನಿಮಿಷ ಇದ್ದಾಗ ಹೆಣ್ಣು ಮಂಟಪಕ್ಕೆ ಬಂದಳಂತೆ. ‘ಧಾರೆ ಫೋಟೊದಾಗೆ ನಾನು ಹಾಕ್ಕಂಡಿರೋದು ಹಿಂದಿನ ದಿನದ ಸೀರೆ. ಆಲ್ಬಮ್ಮು ತೆಗೆಯೋಕೇ ಮನಸ್ಸು ಬರಲ್ಲ. ನೀನು ಹೋಗಿ ಕೂತ್ಕೊ’ ಅಂದರು. ತಾಯಿ ಮತ್ತೆ ಮಾತಾಡಲಿಲ್ಲ.

ತಾಯಿ ಆದಮೇಲೆ ಕಳಸಗಿತ್ತಿ, ಅವಳು ಗೌರಿಪೂಜೆಯಿಂದಲೇ ಹೆಣ್ಣಿನ ಪಕ್ಕ ಇರಬೇಕು. ಆಮೇಲೆ ಆರತಿ ಎತ್ತುವ ಅತ್ತಿಗೆಯರು. ತಲೆ, ಸೀರೆ ಮಾತ್ರ ಬೇಕಾದ ನಾಲ್ಕು ಜನ ಹಿರಿಯರನ್ನು 4.25ರಿಂದ 5.50ರ ನಡುವೆ ಇಟ್ಟೆವು. ಹೆಣ್ಣಿಗೆ ಮೇಕಪ್ ನಡೆಯುವಾಗ ಅವಳ ತಲೆ ಕೆಲಸದವಳು ಖಾಲಿ ಇರುತ್ತಾಳೆ, ಆ ಹೊತ್ತಿನಲ್ಲಿ ನಾಲ್ಕು ತುರುಬು ಆಗಿಹೋಗುತ್ತದೆ. ಹೆಣ್ಣಿನ ಮೇಕಪ್ ಮುಗಿದ ಮೇಲೆ ಅಕ್ಕ ತಂಗಿಯನ್ನು ಕೂರಿಸಿಕೊಳ್ಳುತ್ತಾಳೆ. ಕೊನೆಯ ಜಾಗ ಹೆಣ್ಣಿನ ಒಬ್ಬ ಗೆಳತಿಗೆ. ಅವಳನ್ನು ಕೊನೆಗೆ ಹಾಕಿದ್ದಕ್ಕೆ ಎರಡು ಕಾರಣ. ಅವಳಿಗೆ ಯಾವ ಶಾಸ್ತ್ರದ ಕರೆಯೂ ಇಲ್ಲ, ಮತ್ತು ಅವಳಿಗೆ ತಾನೇ ಸೀರೆ ಉಟ್ಟುಕೊಳ್ಳಲು ಬರುತ್ತದೆ. ಯಾಕೆಂದರೆ 7 ಗಂಟೆಗೆ ಸೀರೆಯ ಹಿರಿಯಮ್ಮನ ಕೈ ಖಾಲಿ ಇರಲೇಬೇಕು, ಧಾರೆ ಸೀರೆಗಾಗಿ.

ಹಾಳೆ ಬರೆದು ಇಟ್ಟುಕೊಂಡರೆ ಸಾಲದು, ಅದನ್ನು ಜಾರಿ ಮಾಡಲು ಮನೆಯವರೊಬ್ಬರು ಬೇಕು. ನಾನು ಹೋಗಿ ‘ಅತ್ತಿಗೆ, ಬನ್ನಿ, ನಿಮ್ಮ ಸರದಿ’ ಅಂದರೆ ‘ಬಂದೆ ಬಂದೆ’ ಅಂತ ಅಲ್ಲೇ ಕೂರುತ್ತಾರೆ. ಸೋದರತ್ತೆ ಬಾಗಿಲಲ್ಲಿ ನಿಂತು ಒಂದು ಸಲ ಕೂಗಿದರೆ ಎದ್ದು ಬರುತ್ತಾರೆ. ಹಾಗಾಗಿ ಸರದಿಗೆ ಹತ್ತು ನಿಮಿಷ ಮುಂಚೆ ನಾನು ಸೋದರತ್ತೆಗೆ ಹೇಳುತ್ತಿದ್ದೆ, ಅವರು ಕರೆತರುತ್ತಿದ್ದರು. ಬರುವಾಗ ರವಿಕೆ, ಒಳಲಂಗ ಹಾಕಿಕೊಂಡು, ಮೇಲೆ ಮುಂದೆ ಗುಂಡಿ ಇರುವ ಅಂಗಿ ಹಾಕಿಕೊಂಡು ಬರಬೇಕು ಅಂತ ಎಲ್ಲರಿಗೂ ಹೇಳಿದ್ದೆವು. ನೈಟಿಯಲ್ಲಿ ಬಂದರೆ ಮೇಕಪ್, ತಲೆ ಎಲ್ಲ ಆದಮೇಲೆ ಅದನ್ನು ತಲೆ ಮೇಲಿಂದ ತೆಗೆಯಬೇಕಾಗುತ್ತದೆ. ಅಷ್ಟು ಹೊತ್ತು ಮಾಡಿದ್ದು ನೈಟಿಗೇ ಅಂಟಿಕೊಂಡು ಹೋಗುತ್ತದೆ.

ಆ ಬೆಳಿಗ್ಗೆ ನಡೆದದ್ದು

ತಂಡದವರೆಲ್ಲ ಹಿಂದಿನ ರಾತ್ರಿಯೇ ಛತ್ರದಲ್ಲಿ ಮಲಗಿದ್ದೆವು. ಬೆಳಗಿನ ಮೂರು ಗಂಟೆಗೆ ಈ ಕಡೆ ಬಸ್ಸಿಲ್ಲ. ಹೆಣ್ಣುಮಕ್ಕಳು ಪೆಟ್ಟಿಗೆ ಹೊತ್ತು ಎರಡು ಗಂಟೆಗೆ ಮನೆ ಬಿಟ್ಟು ಬನ್ನಿ ಅನ್ನುವುದೂ ಸರಿಯಲ್ಲ. ಭಾನುವಾರ ಬೇರೆ. ಹೊಸಕೋಟೆಯ ದಮ್ ಬಿರಿಯಾನಿಗೆ ನಸುಕಿನಲ್ಲೇ ಬೆಂಗಳೂರಿನಿಂದ ಕಾರುಗಳು ಸಾಲುಗಟ್ಟುವ ದಿನ. ಆ ಸಾಲಿನಲ್ಲಿ ಸಿಕ್ಕಿಕೊಂಡ ಆರ್ಟಿಸ್ಟನ್ನು ನಂಬಿ ಮುಹೂರ್ತ ಇಟ್ಟುಕೊಳ್ಳಲಾಗುವುದಿಲ್ಲ. ಮಲಗಲು ಒಂದು ಕೋಣೆ, ರಾತ್ರಿ ಊಟ, ಮೂರು ಗಂಟೆಗೆ ಕಾಫಿ, ಇದನ್ನು ಮಾತಾಡುವಾಗಲೇ ಕೇಳಿಬಿಡಬೇಕು.

3.30ಕ್ಕೆ ತಾಯಿ ಕುರ್ಚಿಗೆ ಬಂದರು. ಅವರು ಕೂತ ತಕ್ಷಣ ಅಕ್ಕ ಮಾಡಿದ ಮೊದಲ ಕೆಲಸ, ಹೆಣ್ಣಿನ ಒಡವೆ ಡಬ್ಬಿಗಳನ್ನು ತರಿಸಿ, ಎಣಿಸಿ, ಸೋದರತ್ತೆಯ ವಶಕ್ಕೆ ಕೊಡಿಸಿದ್ದು. 5.55ಕ್ಕೆ ಒಡವೆ ಬೇಕಾದಾಗ ತಾಯಿಯನ್ನು ಛತ್ರವೆಲ್ಲ ಹುಡುಕುವ ಹಾಗಾಗಬಾರದು. 4.35ಕ್ಕೆ ತಾಯಿ ಸೀರೆ ಉಟ್ಟು ಎದ್ದರು. ಕನ್ನಡಿಯಲ್ಲಿ ಒಂದು ಸಲ ನೋಡಿಕೊಂಡು, ಏನೂ ಹೇಳದೆ, ಕೀ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು.

ಈ ನಡುವೆ 4.10ಕ್ಕೆ ಕರೆಂಟ್ ಹೋಯಿತು. ನಮ್ಮ ಕೋಣೆಯಲ್ಲಿ ದಪ್ಪ ಪಿನ್ನಿನ 16 ಆಂಪ್ ಸಾಕೆಟ್ ಒಂದೇ ಇತ್ತು, ಉಳಿದವೆಲ್ಲ 6 ಆಂಪಿನವು. 6 ಆಂಪ್ ಅಂದರೆ 230 ವೋಲ್ಟ್ ಲೆಕ್ಕದಲ್ಲಿ ಸುಮಾರು 1,380 ವಾಟ್. ದೊಡ್ಡ ಡ್ರೈಯರ್ ಒಂದೇ 1,800 ವಾಟ್ ಎಳೆಯುತ್ತದೆ. ಅದಕ್ಕೇ ಡ್ರೈಯರ್ ದಪ್ಪ ಸಾಕೆಟ್ಟಿಗೆ ಮಾತ್ರ, ಕೂದಲು ನೇರ ಮಾಡುವ ಮೆಷಿನ್, ಲೈಟು ಇತರ ಸಾಕೆಟ್ಟುಗಳಿಗೆ ಅಂತ ರಾತ್ರಿಯೇ ಚೀಟಿ ಅಂಟಿಸಿದ್ದೆವು. ಬಳಗದ ಹುಡುಗಿಯೊಬ್ಬಳು ತನ್ನದೇ ಡ್ರೈಯರ್ ತಂದು, ಲೈಟಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿಬಿಟ್ಟಳು. ಕೋಣೆಯ ಎಂಸಿಬಿ ಟ್ರಿಪ್ ಆಯಿತು. ಬೋರ್ಡು ಎಲ್ಲಿದೆ, ಅದರ ಕೀ ಯಾರ ಹತ್ತಿರ ಇದೆ ಅಂತ ರಾತ್ರಿಯೇ ಮ್ಯಾನೇಜರನ್ನು ಕೇಳಿ ಕೀ ಇಸಿದುಕೊಂಡಿದ್ದರಿಂದ ನಾಲ್ಕು ನಿಮಿಷದಲ್ಲಿ ಬೆಳಕು ಬಂತು. ಆದರೂ ಹೆಣ್ಣಿನ ತಲೆ ಒಣಗಿಸುವುದು ಮುಗಿದಾಗ 4.32. ಏಳು ನಿಮಿಷ ಹೋಯಿತು. ಫೋಟೊದ 20 ನಿಮಿಷ 13 ಆಯಿತು, ಅಷ್ಟೇ.

ಐದು ಗಂಟೆಗೆ ನಾನು ಹಾಳೆ ನೋಡುವುದು ನಮ್ಮ ಕಟ್ಟುಪಾಡು. ಆ ಹೊತ್ತಿಗೆ ಎಂಟರಲ್ಲಿ ನಾಲ್ಕು ಜನರ ಮೇಕಪ್ ಮುಗಿದಿರಬೇಕು. ಮುಗಿದಿಲ್ಲ ಅಂದರೆ ಆಗಲೇ ಉಳಿದವರಿಗೆ 30 ನಿಮಿಷವನ್ನು 20ಕ್ಕೆ ಇಳಿಸಬೇಕು. ತಡವಾಗಿದೆ ಅಂತ ಆರೂವರೆಗೆ ಗೊತ್ತಾದರೆ ಇಳಿಸಲು ಏನೂ ಉಳಿದಿರುವುದಿಲ್ಲ, ಕೊನೆಯ ಇಬ್ಬರಿಗೆ ಇಲ್ಲವೇ ಇಲ್ಲ ಅನ್ನಬೇಕಾಗುತ್ತದೆ. ಆ ದಿನ ಸರಿಯಾಗಿ ನಾಲ್ಕು ಆಗಿತ್ತು.

5.10ಕ್ಕೆ ಬೀಗರ ಕಡೆಯಿಂದ ಇಬ್ಬರು ಬಂದು ಬಾಗಿಲಲ್ಲಿ ನಿಂತರು. ‘ನಮಗೂ ಒಂಚೂರು ಮಾಡಿಬಿಡಿ, ಜಾಸ್ತಿ ಏನೂ ಬೇಡ.’ ಇದು ಪ್ರತಿ ಮದುವೆಯಲ್ಲೂ ಆಗುತ್ತದೆ. ಬೀಗರಿಗೆ ಆಗಲ್ಲ ಅನ್ನುವ ಹಾಗಿಲ್ಲ, ಅಂದರೆ ಆ ಮಾತು ವರ್ಷಗಟ್ಟಲೆ ಉಳಿಯುತ್ತದೆ. ಕೂರಿಸಿಕೊಂಡರೆ ನಮ್ಮ ಸಾಲು ಮುರಿಯುತ್ತದೆ. ಅಕ್ಕ ಇದಕ್ಕೆ ಮೊದಲೇ ದಾರಿ ಇಟ್ಟಿದ್ದಳು. 6.30ಕ್ಕೆ ಎರಡನೇ ಮೇಕಪ್ ಕುರ್ಚಿ ಖಾಲಿಯಾಗುತ್ತದೆ. ಹಾಳೆಯಲ್ಲಿ ಇಲ್ಲದವರಿಗೆ ಆಮೇಲೆ, ಒಬ್ಬರಿಗೆ ಹತ್ತು ನಿಮಿಷ, ಕಾಂಪ್ಯಾಕ್ಟ್, ಕಾಡಿಗೆ, ಲಿಪ್‌ಸ್ಟಿಕ್, ತುರುಬಿಗೆ ಹೂವು. ಸೋದರತ್ತೆ ಅವರಿಗೆ ಕಾಫಿ ಕೊಟ್ಟು, ‘ಆರೂವರೆಗೆ ನಾನೇ ಬಂದು ಕರ್ಕಂಡು ಹೋಗ್ತೀನಿ’ ಅಂದರು. ಹಾಗೇ ಕರೆದುಕೊಂಡೂ ಬಂದರು. ಸಮಯ ಹೇಳಿ ಕರೆದರೆ ಯಾರಿಗೂ ಬೇಜಾರಾಗುವುದಿಲ್ಲ, ‘ಆಮೇಲೆ ನೋಡೋಣ’ ಅಂದರೆ ಆಗುತ್ತದೆ.

ನಿಜವಾದ ಪರೀಕ್ಷೆ ಧಾರೆ ಸೀರೆಯದು. ಈ ಮನೆಯವರ ಪದ್ಧತಿಯಲ್ಲಿ ಗಂಡಿನ ಕಡೆಯವರು ತಟ್ಟೆಯಲ್ಲಿಟ್ಟು ಕೊಡುವವರೆಗೆ ಆ ಸೀರೆಯ ಮಡಿಕೆ ಬಿಚ್ಚುವಂತಿಲ್ಲ. ಅಂದರೆ ಹಿಂದಿನ ದಿನ ನೆರಿಗೆ ಹಿಡಿದಿಡಲು ಆಗುವುದಿಲ್ಲ. ಹೊಚ್ಚ ಹೊಸ ರೇಷ್ಮೆ, ಇಸ್ತ್ರಿ ಇಲ್ಲ. ಕೈಯಲ್ಲಿ 20 ನಿಮಿಷ. ಹಿರಿಯಮ್ಮ ಇದಕ್ಕೆ ಇಬ್ಬರು ಬೇಕು ಅಂದಿದ್ದರು, ಒಬ್ಬರು ಸೆರಗಿಗೆ, ಒಬ್ಬರು ಸೊಂಟದ ನೆರಿಗೆಗೆ. ಗೌರಿಪೂಜೆಗೆ ಹೆಣ್ಣಿಗೆ ಹಾಕಿದ್ದು ಎರಡೇ ಸರ. ಡಾಬು, ವಂಕಿ, ಉದ್ದ ಹಾರ ಎಲ್ಲ ಧಾರೆ ಸೀರೆ ಆದಮೇಲೆ ಅಂತ ಎತ್ತಿಟ್ಟಿದ್ದರು. ಮೊದಲೇ ಎಲ್ಲ ಹಾಕಿದ್ದರೆ ಬಿಚ್ಚುವುದಕ್ಕೇ ಹತ್ತು ನಿಮಿಷ. ಧಾರೆ ಸೀರೆಯ ರವಿಕೆಯನ್ನೇ ಗೌರಿಪೂಜೆಯ ಸೀರೆಗೂ ಹೊಂದುವ ಬಣ್ಣದಲ್ಲಿ ಹೊಲಿಸಿದ್ದರಿಂದ ರವಿಕೆ ಬದಲಿಸುವ ಕೆಲಸವೂ ಇರಲಿಲ್ಲ. ಇದು ಎರಡು ತಿಂಗಳ ಹಿಂದೆ, ಬಟ್ಟೆ ತರಲು ಹೋಗುವ ಮುಂಚೆ, ಅಕ್ಕ ಹೇಳಿಕೊಟ್ಟಿದ್ದು.

7.05ಕ್ಕೆ ಗೌರಿಪೂಜೆ ಮುಗಿಯಿತು. ಸೀರೆ ತಟ್ಟೆ ಬರಲಿಲ್ಲ. 7.10, 7.14. ಗಂಡಿನ ಕಡೆ ಹಿರಿಯರೊಬ್ಬರು ಸ್ನಾನಕ್ಕೆ ಹೋಗಿದ್ದಾರೆ, ಅವರ ಕೈಯಲ್ಲೇ ಕೊಡಿಸಬೇಕು ಅಂತ ಸುದ್ದಿ ಬಂತು. ಸೋದರತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟರು. ಅಲ್ಲಿ ಏನು ಹೇಳಿದರೋ ಗೊತ್ತಿಲ್ಲ, 7.19ಕ್ಕೆ ತಟ್ಟೆ ಬಂತು. ಆ ಐದು ನಿಮಿಷದಲ್ಲಿ ಅಕ್ಕ ಸುಮ್ಮನೆ ನಿಲ್ಲಲಿಲ್ಲ. ಹೆಣ್ಣನ್ನು ಬಚ್ಚಲಿಗೆ ಕಳಿಸಿ, ಸ್ಟ್ರಾ ಹಾಕಿ ಹಾಲು ಕುಡಿಸಿ, ಮುಖದ ಬೆವರು ಒತ್ತಿ, ಹಳೆ ಸೀರೆ ಬಿಚ್ಚಿಸಿ ಸಿದ್ಧವಾಗಿ ನಿಲ್ಲಿಸಿದ್ದಳು. ಧಾರೆ ಸೀರೆ 7.37ಕ್ಕೆ ಆಯಿತು. ನಾಲ್ಕು ಕೈಗಳು ಡಾಬು, ವಂಕಿ, ಹಾರ ಹಾಕಿದವು. 7.48ಕ್ಕೆ ಹೆಣ್ಣು ಮಂಟಪದ ಮೆಟ್ಟಿಲು ಹತ್ತಿದಳು. ಪುರೋಹಿತರು ಅಂತರಪಟ ಹಿಡಿಸುತ್ತಿದ್ದರು. ಓಲಗ ಏರಿದ್ದು, ತಾಳಿ ಕಟ್ಟಿದ್ದು 8.21ಕ್ಕೆ.

ಮನೆಯವರು ಕೇಳಬೇಕಾದದ್ದು

ನಿಮ್ಮ ಮನೆಯಲ್ಲಿ ಮದುವೆ ಇದ್ದು ಮೇಕಪ್‌ನವರನ್ನು ಗೊತ್ತು ಮಾಡುತ್ತಿದ್ದರೆ, ರೇಟ್ ಕೇಳುವುದರ ಜೊತೆಗೆ ಎರಡು ಪ್ರಶ್ನೆ ಕೇಳಿ. ‘ನಮ್ಮ ಇಷ್ಟು ಜನಕ್ಕೆ ಎಷ್ಟು ಕೈ ತರುತ್ತೀರಿ, ಅದರಲ್ಲಿ ಸೀರೆಗೇ ಅಂತ ಎಷ್ಟು?’ ಮತ್ತು ‘ಹೆಣ್ಣಿನ ತಾಯಿ ಎಷ್ಟು ಗಂಟೆಗೆ ಕೂರುತ್ತಾರೆ?’ ಮೊದಲನೆಯದಕ್ಕೆ ‘ನೋಡ್ಕೋತೀವಿ ಬಿಡಿ’ ಅಂದರೆ ಅವರು ಲೆಕ್ಕ ಹಾಕಿಲ್ಲ. ಎರಡನೆಯದಕ್ಕೆ ‘ಕೊನೆಗೆ’ ಅಂದರೆ ಆಲ್ಬಮ್ಮಿನಲ್ಲಿ ತಾಯಿ ಹೇಗಿರುತ್ತಾಳೆ ಅಂತ ಈಗಲೇ ಗೊತ್ತಾದ ಹಾಗೆ.

ಇನ್ನೊಂದು ಮಾತು. ಲಗ್ನಪತ್ರಿಕೆ ಅಚ್ಚಾಗುವ ಮುಂಚೆಯೇ ಆರ್ಟಿಸ್ಟುಗಳ ದಿನ ಕಟ್ಟಿಕೊಳ್ಳಿ. ಆಷಾಢದಲ್ಲಿ ಇವರೆಲ್ಲ ಖಾಲಿ ಕೂತಿರುತ್ತಾರೆ. ಆದರೆ ಒಳ್ಳೆಯ ಮುಹೂರ್ತ ಅಂದರೆ ಊರಿಗೆಲ್ಲ ಒಂದೇ ದಿನ, ಸೀರೆ ಉಡಿಸುವ ಹಿರಿಯಮ್ಮಂದಿರು ಮಾತ್ರ ಹೋಬಳಿಗೆ ಬೆರಳೆಣಿಕೆಯಷ್ಟು. ಮೇಕಪ್ ಕಲಿತ ಹುಡುಗಿಯರು ಈಗ ತುಂಬ ಇದ್ದಾರೆ. ಹತ್ತು ನಿಮಿಷದಲ್ಲಿ ರೇಷ್ಮೆ ಸೀರೆಯ ನೆರಿಗೆ ನಿಲ್ಲಿಸುವವರನ್ನು ಹುಡುಕಿ ಮೊದಲು ಮಾತಾಡಿ, ಉಳಿದವರು ಆಮೇಲೆ ಸಿಗುತ್ತಾರೆ.